ವಿಮಾನ ಹಾರುವ ಮೊದಲೇ ಮುಗಿದಿರುವ ಲೆಕ್ಕ

ಮೊಬೈಲ್ ಪರದೆಯ ಎಡ ಮೂಲೆಯಲ್ಲಿ ಪುಟ್ಟದೊಂದು ಕೆಂಪು ವಿಮಾನ. ಅದು ಮೇಲೇರುತ್ತಿದ್ದಂತೆ ನಡುವೆ ದೊಡ್ಡ ಅಕ್ಷರದಲ್ಲಿ ಒಂದು ಅಂಕಿ ಏರುತ್ತದೆ: 1.00, 1.20, 1.75, 2.40. ನೀವು ನೂರು ರೂಪಾಯಿ ಕಟ್ಟಿದ್ದು, ಅಂಕಿ 2.40 ಇದ್ದಾಗ ಕ್ಯಾಶ್‌ಔಟ್ ಗುಂಡಿ ಒತ್ತಿದರೆ 240 ರೂಪಾಯಿ ನಿಮ್ಮದು. ಒತ್ತುವ ಮೊದಲು ವಿಮಾನ ಹಾರಿಹೋದರೆ ನೂರೂ ಹೋಯಿತು. ಆಟವೆಂದರೆ ಇಷ್ಟೇ. ಇದನ್ನು ಕ್ರ್ಯಾಷ್ ಗೇಮ್ ಎನ್ನುತ್ತಾರೆ. ಜಾರ್ಜಿಯಾ ದೇಶದ ಸ್ಪ್ರೈಬ್ ಕಂಪನಿಯ 'ಏವಿಯೇಟರ್' ಇವುಗಳಲ್ಲಿ ಹೆಚ್ಚು ಹೆಸರಾದದ್ದು. ಅದಕ್ಕೂ ಮೊದಲು, 2014ರ ಹೊತ್ತಿಗೆ, ಬಿಟ್‌ಕಾಯಿನ್ ಇಟ್ಟು ಆಡುವವರ ನಡುವೆ 'ಬಸ್ಟಬಿಟ್' ಎಂಬ ಆಟ ಇದೇ ಮಾದರಿಯನ್ನು ರೂಢಿಗೆ ತಂದಿತ್ತು.

ಲಾಟರಿ ಚೀಟಿ ಕೊಂಡವನಿಗೆ ಮಾಡಲು ಕೆಲಸವೇನೂ ಇರುವುದಿಲ್ಲ, ಫಲಿತಾಂಶಕ್ಕೆ ಕಾಯಬೇಕು ಅಷ್ಟೇ. ಇಲ್ಲಿ ಹಾಗಲ್ಲ. ಯಾವಾಗ ಇಳಿಯಬೇಕು ಎಂದು ತೀರ್ಮಾನಿಸುವವರು ನೀವು. ಆದ್ದರಿಂದಲೇ ಸೋತವನು ಆಟವನ್ನು ಬೈಯುವುದಿಲ್ಲ, ತನ್ನನ್ನೇ ಬೈದುಕೊಳ್ಳುತ್ತಾನೆ: 'ಇನ್ನೊಂದು ಸೆಕೆಂಡ್ ಮೊದಲು ಒತ್ತಬೇಕಿತ್ತು.' ಗೆದ್ದವನು ತನ್ನ ಚುರುಕುತನವನ್ನು ಹೊಗಳಿಕೊಳ್ಳುತ್ತಾನೆ. ಇಬ್ಬರೂ ಮತ್ತೆ ಆಡುತ್ತಾರೆ. 'ದುರಾಸೆ ಬೇಡ, 1.10ಕ್ಕೆ ಇಳಿದುಬಿಟ್ಟರೆ ಸೇಫ್ ಅಲ್ವಾ?' ಎನ್ನುವವರಿದ್ದಾರೆ. 'ಚಿಲ್ಲರೆ ಯಾಕೆ, ಹತ್ತರವರೆಗೆ ಕಾಯೋಣ' ಎನ್ನುವವರೂ ಇದ್ದಾರೆ. ಲೆಕ್ಕ ಹಾಕಿ ನೋಡಿದರೆ ಈ ಇಬ್ಬರೂ ಸರಾಸರಿಯಲ್ಲಿ ಕಳೆದುಕೊಳ್ಳುವುದು ಒಂದೇ ಮೊತ್ತ. ಅದು ಹೇಗೆಂಬುದು ಗುಟ್ಟೇನಲ್ಲ, ಒಂದೇ ಸಾಲಿನ ಸೂತ್ರದಲ್ಲಿದೆ.

ಎಲ್ಲಿ ಮುರಿಯಬೇಕೆಂದು ಮೊದಲೇ ಬರೆದಿದೆ

ವಿಮಾನ ಹಾರುತ್ತಿರುವಾಗ ಕಂಪ್ಯೂಟರ್ 'ಈಗ ಮುರಿಯಲೇ, ಇನ್ನೂ ಬಿಡಲೇ' ಎಂದು ಯೋಚಿಸುತ್ತಿರುತ್ತದೆ, ಹೆಚ್ಚು ಜನ ಕಟ್ಟಿದಾಗ ಬೇಗ ಮುರಿಯುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ನಿಯಮದಂತೆ ನಡೆಯುವ ಆಟದಲ್ಲಿ ಹಾಗೇನೂ ಇಲ್ಲ. ಯಾವ ಅಂಕಿಗೆ ಆಟ ಮುಗಿಯಬೇಕು ಎಂಬುದು ವಿಮಾನ ನೆಲ ಬಿಡುವ ಮೊದಲೇ ತೀರ್ಮಾನವಾಗಿರುತ್ತದೆ. ಪರದೆಯ ಮೇಲೆ ಏರುವ ಅಂಕಿ ಆ ತೀರ್ಮಾನವನ್ನು ನಿಧಾನವಾಗಿ ಬಿಚ್ಚಿ ತೋರಿಸುತ್ತದೆ, ಅಷ್ಟೇ.

ಬಸ್ಟಬಿಟ್ ತನ್ನ ಸೂತ್ರವನ್ನು ಬಹಿರಂಗವಾಗಿ ಪ್ರಕಟಿಸಿರುವುದರಿಂದ ಅದನ್ನೇ ಬಿಡಿಸಿ ನೋಡೋಣ. ಪ್ರತಿ ಸುತ್ತಿಗೂ ಕಂಪ್ಯೂಟರಿನ ಬಳಿ ಒಂದು ಉದ್ದನೆಯ ಗುಪ್ತ ಸಂಕೇತ ಇರುತ್ತದೆ. ಅದರ ಮೊದಲ ಭಾಗವನ್ನು ತೆಗೆದುಕೊಂಡು 0 ಮತ್ತು 1ರ ನಡುವಿನ ಒಂದು ದಶಮಾಂಶ ಸಂಖ್ಯೆಯಾಗಿ ಬದಲಿಸುತ್ತಾರೆ. ಅದನ್ನು `r` ಎನ್ನೋಣ. 0ರಿಂದ 1ರ ನಡುವೆ ಅದು ಎಲ್ಲಿ ಬೇಕಾದರೂ ಬೀಳಬಹುದು, ಯಾವ ಜಾಗಕ್ಕೂ ಹೆಚ್ಚು ಒಲವಿಲ್ಲ. ಆಮೇಲಿನ ಕೆಲಸ ಎರಡೇ ಸಾಲು:

```
X = 99 / (1 - r)
m = max(1, floor(X) / 100)
```

`floor` ಎಂದರೆ ದಶಮಾಂಶದ ನಂತರದ ಭಾಗವನ್ನು ಬಿಟ್ಟುಬಿಡುವುದು. `m` ಎಂಬುದೇ ಆಟ ಮುರಿಯುವ ಅಂಕಿ. `r` 0.30 ಬಂತೆನ್ನಿ. 99ನ್ನು 0.70ರಿಂದ ಭಾಗಿಸಿದರೆ 141 ಚಿಲ್ಲರೆ, ಹಾಗಾಗಿ ಆಟ 1.41ಕ್ಕೆ ಮುಗಿಯುತ್ತದೆ. 0.75 ಬಂದರೆ 3.96ಕ್ಕೆ, 0.90 ಬಂದರೆ 9.90ಕ್ಕೆ ಮುಗಿಯುತ್ತದೆ. `r` ಒಂದರ ಹತ್ತಿರ ಹೋದಂತೆಲ್ಲ ಅಂಕಿ ಒಮ್ಮೆಲೇ ದೊಡ್ಡದಾಗುತ್ತದೆ, ಆದರೆ ಅಷ್ಟು ಹತ್ತಿರ ಬೀಳುವುದೇ ಅಪರೂಪ. ಅತ್ತ 0.01 ಬಂದರೆ ಉತ್ತರ 1.00. ಅಂದರೆ ವಿಮಾನ ಏಳುವುದೇ ಇಲ್ಲ, ಯಾರಿಗೂ ಗುಂಡಿ ಒತ್ತಲು ಅವಕಾಶವಿಲ್ಲ, ಕಟ್ಟಿದ ಎಲ್ಲರ ಹಣವೂ ಹೋಗುತ್ತದೆ. ಈ ಸೂತ್ರದಲ್ಲಿ ಸುಮಾರು ಐವತ್ತು ಸುತ್ತಿಗೆ ಒಂದು ಹೀಗಾಗುತ್ತದೆ.

ಈ ಸೂತ್ರದಿಂದ ಒಂದು ಸರಳ ನಿಯಮ ಹೊರಡುತ್ತದೆ. ವಿಮಾನ ಯಾವುದೋ ಒಂದು ಅಂಕಿಯನ್ನು ಮುಟ್ಟುವ ಸಾಧ್ಯತೆ ಎಷ್ಟು ಎಂದರೆ, 99ನ್ನು ಆ ಅಂಕಿಯಿಂದ ಭಾಗಿಸಿದಷ್ಟು ಪರ್ಸೆಂಟ್. 2.00 ಮುಟ್ಟುವ ಸಾಧ್ಯತೆ ನೂರಕ್ಕೆ 49.5. 10.00 ಮುಟ್ಟುವುದು ನೂರಕ್ಕೆ 9.9. 99ರ ಬದಲು ಅಲ್ಲಿ 100 ಇದ್ದಿದ್ದರೆ 2.00 ಮುಟ್ಟುವ ಸಾಧ್ಯತೆ ಸರಿಯಾಗಿ ಅರ್ಧ, 10.00 ಮುಟ್ಟುವುದು ಸರಿಯಾಗಿ ಹತ್ತರಲ್ಲಿ ಒಂದು ಆಗುತ್ತಿತ್ತು. ಆಗ ದೀರ್ಘಕಾಲದಲ್ಲಿ ಯಾರಿಗೂ ಲಾಭವಿಲ್ಲ, ನಷ್ಟವಿಲ್ಲ. ಆಟ ನಡೆಸುವವರ ಪಾಲು ಇರುವುದು ಈ ನೂರಕ್ಕೂ ತೊಂಬತ್ತೊಂಬತ್ತಕ್ಕೂ ಇರುವ ಅಂತರದಲ್ಲಿ. ಬೇರೆ ಮೋಸ ಬೇಕಿಲ್ಲ, ಯಾರ ಆಟವನ್ನೂ ಕದ್ದು ನೋಡಬೇಕಿಲ್ಲ.

ಎಲ್ಲಿ ಇಳಿದರೂ ಕಳೆಯುವುದು ಮುನ್ನೂರು

ಬಸ್ಟಬಿಟ್‌ನಲ್ಲಿ ಈ ಪಾಲು ನೂರಕ್ಕೆ ಒಂದು. ಏವಿಯೇಟರ್ ಆಟಗಾರರಿಗೆ ಮರಳಿಸುವುದು ನೂರಕ್ಕೆ 97 ಎಂದು ತಯಾರಕರೇ ಹೇಳಿಕೊಂಡಿದ್ದಾರೆ. ಅಂದರೆ ಪಾಲು ನೂರಕ್ಕೆ ಮೂರು. ಮೇಲಿನ ಸೂತ್ರದಲ್ಲಿ 99ರ ಜಾಗಕ್ಕೆ 97 ಹಾಕಿ, ಪ್ರತಿ ಸುತ್ತಿಗೆ ನೂರು ರೂಪಾಯಿಯಂತೆ ನೂರು ಸುತ್ತು ಆಡುವ ಮೂವರನ್ನು ಕಲ್ಪಿಸಿಕೊಳ್ಳೋಣ. ಮೂವರೂ ಕಟ್ಟುವ ಒಟ್ಟು ಮೊತ್ತ ತಲಾ ಹತ್ತು ಸಾವಿರ.

ಮೊದಲನೆಯವನು ಬಹಳ ಎಚ್ಚರಿಕೆಯವನು, ಯಾವಾಗಲೂ 1.10ಕ್ಕೆ ಇಳಿಯುತ್ತಾನೆ. 97ನ್ನು 1.10ರಿಂದ ಭಾಗಿಸಿದರೆ 88.2. ಅಂದರೆ ಸರಾಸರಿ ನೂರರಲ್ಲಿ 88 ಸಲ ಗೆಲ್ಲುತ್ತಾನೆ. ಆದರೆ ಒಂದು ಗೆಲುವಿಗೆ ಬರುವುದು ಹತ್ತೇ ರೂಪಾಯಿ, ಹೋದರೆ ನೂರು ಹೋಗುತ್ತದೆ. ಹತ್ತು ಗೆಲುವು ಸೇರಿ ಒಂದು ಸೋಲನ್ನು ತುಂಬಬೇಕು. ಬಂದದ್ದು 882, ಹೋದದ್ದು 1,182. ನಷ್ಟ 300.

ಎರಡನೆಯವನು 2.00ಕ್ಕೆ ಇಳಿಯುವವನು. ಗೆಲುವು 48.5, ಸೋಲು 51.5. ಬಂದದ್ದು 4,850, ಹೋದದ್ದು 5,150. ನಷ್ಟ 300.

ಮೂರನೆಯವನು ಹತ್ತಕ್ಕಿಂತ ಕಡಿಮೆಗೆ ಕೈ ಹಾಕುವುದಿಲ್ಲ. ಅವನು ಗೆಲ್ಲುವುದು ನೂರರಲ್ಲಿ 9.7 ಸಲ ಮಾತ್ರ, ಆದರೆ ಪ್ರತಿ ಗೆಲುವಿಗೂ 900 ರೂಪಾಯಿ ಲಾಭ. ಬಂದದ್ದು 8,730, ಹೋದದ್ದು 9,030. ನಷ್ಟ ಮತ್ತೆ 300.

ಇದು ಕಾಕತಾಳೀಯವಲ್ಲ. ಗೆದ್ದಾಗ ಸಿಗುವ ಮೊತ್ತ ಎಷ್ಟು ಪಟ್ಟು ಹೆಚ್ಚುತ್ತದೆಯೋ, ಗೆಲ್ಲುವ ಸಾಧ್ಯತೆ ಸರಿಯಾಗಿ ಅಷ್ಟೇ ಪಟ್ಟು ಕುಗ್ಗುವಂತೆ ಸೂತ್ರವನ್ನು ಕಟ್ಟಲಾಗಿದೆ. ಎರಡನ್ನೂ ಗುಣಿಸಿದರೆ ಯಾವ ಅಂಕಿಯಲ್ಲೂ ಉಳಿಯುವುದು ಅದೇ 97. ನೀವು ಆರಿಸುವ ಅಂಕಿ ಬದಲಿಸುವುದು ನಷ್ಟದ ಸ್ವರೂಪವನ್ನು, ಮೊತ್ತವನ್ನಲ್ಲ. 1.10ರವನು ದಿನವಿಡೀ ಗೆಲ್ಲುತ್ತಿದ್ದೇನೆ ಎಂದುಕೊಂಡೇ ಸೋಲುತ್ತಾನೆ. ಹತ್ತರವನು ಬಹಳ ಹೊತ್ತು ಸೋತು, ನಡುವೆ ಒಂದು ದೊಡ್ಡ ಗೆಲುವು ಕಂಡು, ಅದನ್ನೇ ನೆನಪಿಟ್ಟುಕೊಳ್ಳುತ್ತಾನೆ. ಅವನಿಗೆ ಸತತ ಮೂವತ್ತು ಸೋಲು ಬರುವ ಸಾಧ್ಯತೆ ನೂರಕ್ಕೆ ಸುಮಾರು ಐದು. ಅದೇನೂ ಅಪರೂಪವಲ್ಲ.

ಮೇಲಿನದು ಸರಾಸರಿ ಎಂಬುದನ್ನು ಮರೆಯಬಾರದು. ನೂರು ಸುತ್ತಿನಲ್ಲಿ ಒಬ್ಬ ಎರಡು ಸಾವಿರ ಗೆದ್ದು ಎದ್ದುಹೋಗಬಹುದು, ಇನ್ನೊಬ್ಬ ಮೂರು ಸಾವಿರ ಕಳೆದುಕೊಳ್ಳಬಹುದು. ಗೆದ್ದವರು ನಿಜವಾಗಿಯೂ ಇದ್ದಾರೆ, ಅವರ ಸ್ಕ್ರೀನ್‌ಶಾಟ್‌ಗಳೂ ಓಡಾಡುತ್ತವೆ. ಆದರೆ ಆಟ ನಡೆಸುವವರ ಎದುರು ಕೂತಿರುವುದು ಒಬ್ಬನಲ್ಲ, ಸಾವಿರಾರು ಜನ, ಹಗಲೂ ರಾತ್ರಿ. ಅಷ್ಟು ಸುತ್ತುಗಳಲ್ಲಿ ಒಬ್ಬೊಬ್ಬರ ಅದೃಷ್ಟ ಒಂದಕ್ಕೊಂದು ವಜಾ ಆಗಿ, ಅವರ ಕೈಗೆ ಉಳಿಯುವುದು ನೂರಕ್ಕೆ ಮೂರು.

ಗುಂಡಿಯ ಮೇಲಿನ ಬೆರಳಿಗೆ ಕೆಲಸವಿಲ್ಲ

ಇನ್ನು ಆಟಗಾರನನ್ನು ಹೆಚ್ಚು ಕಾಡುವ ಕ್ಷಣಕ್ಕೆ ಬರೋಣ. ಅಂಕಿ 5.00 ಆಗಿದೆ. ಇಳಿದರೆ ನೂರಕ್ಕೆ ಐನೂರು ಖಾತ್ರಿ. ಇನ್ನೂ ಕಾದರೆ ಹತ್ತಾಗಬಹುದು. ಯಾವುದು ಜಾಣತನ?

5.00 ಮುಟ್ಟುವ ಸಾಧ್ಯತೆ ನೂರಕ್ಕೆ 19.4. 10.00 ಮುಟ್ಟುವ ಸಾಧ್ಯತೆ 9.7, ಅಂದರೆ ಅದರ ಸರಿಯಾಗಿ ಅರ್ಧ. ಹಾಗಾಗಿ ಐದಕ್ಕೆ ಬಂದ ವಿಮಾನಗಳಲ್ಲಿ ಅರ್ಧದಷ್ಟು ಮಾತ್ರ ಹತ್ತನ್ನು ಕಾಣುತ್ತವೆ. ಸಾವಿರಕ್ಕೆ ಅರ್ಧ ಅವಕಾಶ ಎಂದರೆ ಬೆಲೆ ಐನೂರು. ಇಳಿದರೂ ಐನೂರೇ. ಎರಡೂ ಸಮ. 1.50ರಿಂದ 3.00ಕ್ಕೆ, 20ರಿಂದ 40ಕ್ಕೆ, ಎಲ್ಲಿ ನೋಡಿದರೂ ಲೆಕ್ಕ ಇದೇ. ವಿಮಾನ ಏರಿದ ಮೇಲೆ ಇಳಿಯಲು ಒಳ್ಳೆಯ ಗಳಿಗೆ ಎಂಬುದೂ ಇಲ್ಲ, ಕೆಟ್ಟ ಗಳಿಗೆ ಎಂಬುದೂ ಇಲ್ಲ.

ಹಾಗಾದರೆ ಆ ನೂರಕ್ಕೆ ಮೂರು ಹೋದದ್ದು ಎಲ್ಲಿ? ಬಾಜಿ ಕಟ್ಟಿದ ಕೂಡಲೇ. ನೂರು ರೂಪಾಯಿ ಇಟ್ಟ ಕ್ಷಣವೇ ನಿಮ್ಮ ಕೈಯಲ್ಲಿರುವುದು 97 ರೂಪಾಯಿ ಬೆಲೆಯ ಒಂದು ಅವಕಾಶ. ನೆಲದಲ್ಲೇ ಮುಗಿದುಹೋಗುವ ಸುತ್ತುಗಳಲ್ಲಿ, ಅಂದರೆ 1.00ಕ್ಕೇ ಮುರಿಯುವ ಆಟಗಳಲ್ಲಿ, ಆ ಪಾಲು ಸಂದಾಯವಾಗುತ್ತದೆ. ಆಮೇಲೆ ನಡೆಯುವ ಏರಾಟ, ಎದೆಬಡಿತ, ಬೆರಳಿನ ಚುರುಕು, ಇವುಗಳಿಂದ ಆ ಮೂರು ರೂಪಾಯಿ ವಾಪಸ್ ಬರುವುದಿಲ್ಲ. 'ಒಂದು ಸೆಕೆಂಡ್ ಮೊದಲು ಒತ್ತಬೇಕಿತ್ತು' ಎಂಬ ಕೊರಗಿಗೂ ಅರ್ಥವಿಲ್ಲ. ಅದು ಒತ್ತುವವನ ತಪ್ಪಲ್ಲ. ಬಾಜಿ ಕಟ್ಟಿದ್ದೇ ನಷ್ಟದ ವ್ಯವಹಾರ.

ಬಸ್ಟಬಿಟ್‌ನಲ್ಲಿ ಅಂಕಿ ಸುಮಾರು ಹನ್ನೊಂದೂವರೆ ಸೆಕೆಂಡಿಗೊಮ್ಮೆ ದುಪ್ಪಟ್ಟಾಗುತ್ತದೆ. ಒಂದರಿಂದ ಎರಡಾಗಲು ಎಷ್ಟು ಹೊತ್ತೋ ಎಂಟರಿಂದ ಹದಿನಾರಾಗಲೂ ಅಷ್ಟೇ. ಆದ್ದರಿಂದ ಮೇಲೆ ಹೋದಷ್ಟೂ ಅಂಕಿ ಓಡುತ್ತಿರುವಂತೆ ಕಾಣುತ್ತದೆ, ಇನ್ನು ಸ್ವಲ್ಪ ತಡೆದರೆ ಬಹಳ ಸಿಗುತ್ತದೆ ಎನಿಸುತ್ತದೆ. ಆದರೆ ಅದೇ ಹನ್ನೊಂದೂವರೆ ಸೆಕೆಂಡಿಗೆ ಉಳಿದ ಆಟಗಳಲ್ಲಿ ಅರ್ಧ ಮುರಿದುಬೀಳುತ್ತಿರುತ್ತವೆ. ಕಣ್ಣಿಗೆ ಕಾಣುವುದು ಏರುವ ಅಂಕಿ ಮಾತ್ರ, ಇಳಿಯುತ್ತಿರುವ ಸಾಧ್ಯತೆಯನ್ನು ಪರದೆ ತೋರಿಸುವುದಿಲ್ಲ.

ಪರದೆಯ ಮೇಲ್ಭಾಗದಲ್ಲಿ ಹಿಂದಿನ ಸುತ್ತುಗಳ ಅಂಕಿಗಳು ಬಣ್ಣಬಣ್ಣದಲ್ಲಿ ಸಾಲಾಗಿರುತ್ತವೆ. 'ಆಗಲೇ ಏಳು ಸಲ ಎರಡರ ಕೆಳಗೇ ಮುರಿದಿದೆ, ಈಗ ದೊಡ್ಡದು ಬರಲೇಬೇಕು' ಎಂದು ಅದನ್ನು ನೋಡಿ ಹೇಳುವವರುಂಟು. ಪ್ರತಿ ಸುತ್ತಿನ ಸಂಖ್ಯೆ ಹಿಂದಿನದರಿಂದ ಸ್ವತಂತ್ರ. ಏಳು ಸೋಲಿನ ನಂತರವೂ 2.00 ಮುಟ್ಟುವ ಸಾಧ್ಯತೆ ನೂರಕ್ಕೆ 48.5 ಮಾತ್ರ.

ದುಪ್ಪಟ್ಟು ಕಟ್ಟುವವನ ಕಥೆ

'ಸೋತಾಗಲೆಲ್ಲ ದುಪ್ಪಟ್ಟು ಕಟ್ಟು, ಒಂದು ಸಲ ಗೆದ್ದರೆ ಎಲ್ಲ ವಸೂಲು' ಎಂಬುದು ಹಳೆಯ ಉಪಾಯ. ಯೂಟ್ಯೂಬಿನಲ್ಲಿ ಇದನ್ನೇ ಹೊಸ ತಂತ್ರವೆಂಬಂತೆ ಕಲಿಸುತ್ತಾರೆ. ಪರೀಕ್ಷಿಸಿ ನೋಡೋಣ. ಹತ್ತು ರೂಪಾಯಿಯಿಂದ ಶುರು, ಯಾವಾಗಲೂ 2.00ಕ್ಕೆ ಇಳಿಯುವುದು. ಸೋತರೆ 20, ಮತ್ತೆ ಸೋತರೆ 40, ಹೀಗೆ. ಎಲ್ಲಿ ಗೆದ್ದರೂ ಸರಣಿಯ ಕೊನೆಗೆ ಲಾಭ ಹತ್ತು ರೂಪಾಯಿ. ಸತತ ಹತ್ತು ಸಲ ಸೋತರೆ ಹತ್ತನೆಯ ಬಾಜಿಯೇ 5,120 ರೂಪಾಯಿ, ಒಟ್ಟು ಹೋದದ್ದು 10,230. ಸಾಮಾನ್ಯ ಮನುಷ್ಯನ ಜೇಬು ಅಲ್ಲಿಗೆ ಖಾಲಿ.

ಸತತ ಹತ್ತು ಸೋಲು ಎಷ್ಟಕ್ಕೊಮ್ಮೆ ಬರುತ್ತದೆ? ಪ್ರತಿ ಸಲ ಸೋಲುವ ಸಾಧ್ಯತೆ 0.515. ಅದನ್ನು ಹತ್ತು ಬಾರಿ ಗುಣಿಸಿದರೆ ಸುಮಾರು 762 ಸರಣಿಗಳಿಗೆ ಒಂದು ಎಂದಾಗುತ್ತದೆ. 761 ಸರಣಿಗಳಲ್ಲಿ ಹತ್ತು ಹತ್ತು ರೂಪಾಯಿಯಂತೆ ಗೆದ್ದದ್ದು 7,610. ಒಂದೇ ಸರಣಿಯಲ್ಲಿ ಹೋದದ್ದು 10,230. ಕೊನೆಗೆ 2,620 ರೂಪಾಯಿ ಕಡಿಮೆ. ಈ ಉಪಾಯ ನಷ್ಟವನ್ನು ಇಲ್ಲವಾಗಿಸುವುದಿಲ್ಲ. ನೂರಾರು ಪುಟ್ಟ ಗೆಲುವುಗಳ ಹಿಂದೆ ಅದನ್ನು ಬಚ್ಚಿಟ್ಟು, ಒಂದೇ ದಿನ ಒಟ್ಟಿಗೆ ವಸೂಲು ಮಾಡುತ್ತದೆ. ಅಪಾಯವೆಂದರೆ ಆ ದಿನ ಬರುವವರೆಗೂ ಆಡುವವನಿಗೆ ತನ್ನ ತಂತ್ರ ಗೆಲ್ಲುತ್ತಿದೆ ಎಂದೇ ತೋರುತ್ತದೆ.

ಒಂದು ಬಾಜಿಯನ್ನು ಬೇಗ ಇಳಿಸಿ, ಇನ್ನೊಂದನ್ನು ಮೇಲೆ ಬಿಡುವ ಉಪಾಯವೂ ಹೀಗೆಯೇ. ಏವಿಯೇಟರ್‌ನಲ್ಲಿ ಒಂದೇ ಸುತ್ತಿಗೆ ಎರಡು ಬಾಜಿ ಕಟ್ಟಬಹುದು. ಒಂದು ಇನ್ನೊಂದಕ್ಕೆ ರಕ್ಷಣೆ ಎಂದು ಅನಿಸುತ್ತದೆ. ಆದರೆ ಎರಡರ ಮೇಲೂ ನೂರಕ್ಕೆ ಮೂರು ಹೋಗುತ್ತದೆ. ನಷ್ಟದ ಬಾಜಿಗಳನ್ನು ಹೇಗೆ ಜೋಡಿಸಿದರೂ ಕೂಡಿದ ಮೇಲೆ ನಷ್ಟವೇ.

ಮೂರು ಪರ್ಸೆಂಟ್ ಕಡಿಮೆಯಲ್ಲವೇ?

ಮೂರು ರೂಪಾಯಿ ದೊಡ್ಡದೇನೂ ಅಲ್ಲ ಎನಿಸಬಹುದು. ಆದರೆ ಈ ಮೂರು ಪರ್ಸೆಂಟ್ ನೀವು ಆ್ಯಪ್‌ಗೆ ತುಂಬಿದ ಹಣದ ಮೇಲಲ್ಲ, ಕಟ್ಟಿದ ಪ್ರತಿ ಬಾಜಿಯ ಮೇಲೆ. ಒಬ್ಬ ಸಾವಿರ ರೂಪಾಯಿ ತುಂಬಿ ಐವತ್ತರಂತೆ ಆಡುತ್ತಾನೆ ಎನ್ನಿ. ನಿಮಿಷಕ್ಕೆ ಎರಡು ಸುತ್ತು ಎಂದು ಹಿಡಿದರೆ ಗಂಟೆಗೆ 120 ಬಾಜಿ, ಅಂದರೆ ಆರು ಸಾವಿರ ರೂಪಾಯಿ. ಗೆದ್ದ ಹಣವನ್ನೇ ಮತ್ತೆ ಮತ್ತೆ ಕಟ್ಟುವುದರಿಂದ ಸಾವಿರ ರೂಪಾಯಿಯೇ ಆರು ಸಾವಿರವಾಗಿ ತಿರುಗುತ್ತದೆ. ಆರು ಸಾವಿರಕ್ಕೆ ಮೂರು ಪರ್ಸೆಂಟ್ ಎಂದರೆ 180 ರೂಪಾಯಿ. ತುಂಬಿದ ಸಾವಿರದ ಲೆಕ್ಕದಲ್ಲಿ ಅದು ಗಂಟೆಗೆ ಹದಿನೆಂಟು ಪರ್ಸೆಂಟ್. ಸರಾಸರಿ ಐದೂವರೆ ಗಂಟೆಯಲ್ಲಿ ಸಾವಿರವೂ ಮುಗಿಯುತ್ತದೆ. ಎರಡು ಬಾಜಿ ಒಟ್ಟಿಗೆ ಕಟ್ಟಿದರೆ ಅದರ ಅರ್ಧ ಹೊತ್ತು ಸಾಕು. ಸುತ್ತುಗಳ ನಡುವೆ ಕೆಲವೇ ಸೆಕೆಂಡುಗಳ ಬಿಡುವು ಇರುವುದು ಇದೇ ಕಾರಣಕ್ಕೆ. ಆಟ ನಡೆಸುವವರಿಗೆ ಪಾಲು ಹೆಚ್ಚಿಸುವ ಅಗತ್ಯವಿಲ್ಲ, ವೇಗ ಹೆಚ್ಚಿದರೆ ಸಾಕು.

'ಪ್ರೂವಬ್ಲಿ ಫೇರ್' ಎಂದರೆ ಏನು ಸಾಬೀತಾಯಿತು?

ಈ ಆಟಗಳ ಜಾಹೀರಾತಿನಲ್ಲಿ 'ಪ್ರೂವಬ್ಲಿ ಫೇರ್' ಎಂಬ ಮಾತು ಇರುತ್ತದೆ. ಅದು ಸುಳ್ಳಲ್ಲ, ಆದರೆ ಅದು ಹೇಳುವುದು ಕೇಳುವವರು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಬಸ್ಟಬಿಟ್ ಒಂದು ಕೋಟಿ ಸುತ್ತುಗಳ ಸಂಕೇತಗಳನ್ನು ಮೊದಲೇ ಸರಪಳಿಯಾಗಿ ತಯಾರಿಸಿತು. ಅದನ್ನು ಹೆಣೆದದ್ದು ಹಿಂದುಮುಂದಾಗಿ: ಕೊನೆಯ ಸುತ್ತಿನ ಸಂಕೇತ ಮೊದಲು, ಅದನ್ನು `SHA-256` ಎಂಬ ಗಣಿತ ವಿಧಾನದಲ್ಲಿ ಹಾಯಿಸಿದಾಗ ಬಂದದ್ದು ಅದರ ಹಿಂದಿನ ಸುತ್ತಿನದು, ಹೀಗೆ ಮೊದಲ ಸುತ್ತಿನವರೆಗೆ. ಈ ವಿಧಾನ ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ಇಂದಿನ ಸುತ್ತು ಮುಗಿದ ಮೇಲೆ ಅದರ ಸಂಕೇತದಿಂದ ಹಿಂದಿನ ಸುತ್ತಿನದು ಬರುತ್ತದೆಯೇ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದು. ಮುಂದಿನದನ್ನು ಕಂಡುಹಿಡಿಯಲು ಆಗುವುದಿಲ್ಲ. ಏವಿಯೇಟರ್‌ನಲ್ಲಿ ಸರ್ವರಿನ ಒಂದು ಬೀಜಸಂಖ್ಯೆಯನ್ನು, ಆ ಸುತ್ತಿಗೆ ಮೊದಲು ಬಾಜಿ ಕಟ್ಟಿದ ಮೂವರು ಆಟಗಾರರ ಬೀಜಸಂಖ್ಯೆಗಳ ಜೊತೆ ಸೇರಿಸಿ ಫಲಿತಾಂಶ ತೆಗೆಯುತ್ತಾರೆ.

ಇದರಿಂದ ಸಾಬೀತಾಗುವುದು ಇಷ್ಟು: ನೀವು ದೊಡ್ಡ ಮೊತ್ತ ಕಟ್ಟಿದ್ದನ್ನು ನೋಡಿ ಫಲಿತಾಂಶವನ್ನು ತಿರುಚಿಲ್ಲ. ನಿಮಗೆ ಲಾಭವಾಗುತ್ತದೆ ಎಂದು ಇದು ಎಲ್ಲೂ ಹೇಳುವುದಿಲ್ಲ. ಆ 99 ಅಥವಾ 97 ಪ್ರಾಮಾಣಿಕವಾಗಿಯೇ ಸೂತ್ರದೊಳಗೆ ಕೂತಿದೆ.

ಇದರಿಂದಲೇ ಇನ್ನೊಂದು ಮಾತೂ ಸ್ಪಷ್ಟವಾಗುತ್ತದೆ. ಟೆಲಿಗ್ರಾಮ್ ಗುಂಪುಗಳಲ್ಲಿ 'ಪ್ರಿಡಿಕ್ಟರ್' ಎಂಬ ಆ್ಯಪ್ ಮಾರುತ್ತಾರೆ, ಮುಂದಿನ ಸುತ್ತು ಎಷ್ಟಕ್ಕೆ ಮುರಿಯುತ್ತದೆಂದು ಮೊದಲೇ ಹೇಳುತ್ತೇವೆ ಎನ್ನುತ್ತಾರೆ. ಆಟ ನಿಯಮದಂತೆ ನಡೆಯುತ್ತಿದ್ದರೆ ಅದನ್ನು ಮೊದಲೇ ಹೇಳುವುದು ಸಾಧ್ಯವೇ ಇಲ್ಲ. ಮೊದಲೇ ಗೊತ್ತಿರುವಂಥ ಆಟವಾದರೆ ಅದು ಅವರದೇ ನಕಲಿ ಆಟ, ಅಲ್ಲಿ ತುಂಬಿದ ಹಣ ಹಿಂದಿರುಗುವುದಿಲ್ಲ. ಪರದೆ ಅಸಲಿಯಂತೆಯೇ ಕಾಣುವ ನಕಲಿಗಳಲ್ಲಿ ಪರೀಕ್ಷಿಸಲು ಸಂಕೇತ ಕೊಡದಿರುವುದು, ಗೆದ್ದ ಹಣ ತೆಗೆಯಲು ಹೋದಾಗ 'ತೆರಿಗೆ' ಅಥವಾ 'ವೆರಿಫಿಕೇಶನ್' ಹೆಸರಲ್ಲಿ ಮತ್ತೆ ದುಡ್ಡು ಕೇಳುವುದು ಸ್ಪಷ್ಟ ಸೂಚನೆಗಳು.

ಕಾನೂನು ಮತ್ತು ಒಂದು ಮಾತು

ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ ನಿಷೇಧಿಸಿದೆ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಡುವವರಿಗೆ ಎರಡು ವರ್ಷದವರೆಗೆ ಜೈಲು, ಐವತ್ತು ಲಕ್ಷದವರೆಗೆ ದಂಡ. ಆಡಿದವರನ್ನು ಆ ಕಾಯ್ದೆ ಅಪರಾಧಿಯಾಗಿ ನೋಡುವುದಿಲ್ಲ. ಆದ್ದರಿಂದ ಹಣ ಕಳೆದುಕೊಂಡವರು ಹೆದರಿ ಬಾಯಿ ಮುಚ್ಚಿಕೊಳ್ಳಬೇಕಿಲ್ಲ. ವಂಚನೆಯಾಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಬೇಕು. ಬಿಡಬೇಕೆಂದರೂ ಬಿಡಲಾಗುತ್ತಿಲ್ಲ ಎನ್ನುವವರಿಗೆ ಟೆಲಿ-ಮಾನಸ್ 14416 ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಗೀಳಿಗೆಂದೇ 'ಶಟ್' ಕ್ಲಿನಿಕ್ ಇದೆ.

ಮನೆಯಲ್ಲಿ ಮಗನೋ ತಮ್ಮನೋ ಈ ಆಟದಲ್ಲಿ ಸಿಕ್ಕಿಕೊಂಡಿದ್ದರೆ ಬೈದು ಪ್ರಯೋಜನವಿಲ್ಲ. ಅವನು ದುರಾಸೆಯಿಂದ ಸೋತದ್ದಲ್ಲ, ದುರಾಸೆಯಿಲ್ಲದೆ 1.10ಕ್ಕೆ ಇಳಿದಿದ್ದರೂ ಸೋಲುತ್ತಿದ್ದ. ಪಕ್ಕದಲ್ಲಿ ಕೂರಿಸಿಕೊಂಡು, ಕಾಗದದ ಮೇಲೆ 1.10, 2.00, 10.00 ಬರೆದು, 97ನ್ನು ಒಂದೊಂದರಿಂದ ಭಾಗಿಸಿ, ನೂರು ಸುತ್ತಿನ ಲೆಕ್ಕವನ್ನು ಅವನ ಕೈಯಿಂದಲೇ ಮಾಡಿಸಿ. ಮೂರು ಸಲವೂ ಮುನ್ನೂರೇ ಬರುವುದನ್ನು ಅವನೇ ನೋಡಲಿ. ಎಷ್ಟಕ್ಕೆ ಇಳಿಯಬೇಕು ಎಂಬ ಪ್ರಶ್ನೆಗೆ ಈ ಆಟದಲ್ಲಿ ಸರಿಯಾದ ಉತ್ತರವಿಲ್ಲ. ನಷ್ಟವಾಗದ ಬಾಜಿ ಒಂದೇ, ಕಟ್ಟದೇ ಇರುವುದು.